ತೂಕ, ನಾಚಿಕೆ ಮತ್ತು ಚಿಕಿತ್ಸೆ

ಆರೋಗ್ಯ ಕೇಂದ್ರವು ಸಮೀಪದಲ್ಲಿಯೇ ಇದ್ದರೂ ಜನರು ಅಲ್ಲಿಗೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರಗಳು ದೊರೆಯುತ್ತವೆ: ಬಸ್ಸಿನ ಅನಾನುಕೂಲ, ಒಂದು ದಿನದ ಕೂಲಿಯ ನಷ್ಟ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಲ್ಲದಿರುವುದು. ಮಾನವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಈ ಮೂರೂ ನಿಜವೇ. ಭತ್ತದ ನಾಟಿ ನಡೆಯುವ ದಿನಗಳಲ್ಲಿ ಜ್ವರವಿದ್ದರೂ ಗದ್ದೆಗಿಳಿಯುವ ಹೆಂಗಸರನ್ನು ಈ ಭಾಗದವರೆಲ್ಲರೂ ಬಲ್ಲರು. ಆದರೆ ನಾಲ್ಕನೆಯ ಕಾರಣವೊಂದುಂಟು. ಅದನ್ನು ರೋಗಿಯು ಬಾಯಿಬಿಟ್ಟು ಹೇಳುವುದಿಲ್ಲ; ಯಾವ ನೋಂದಣಿ ಪುಸ್ತಕದಲ್ಲಿಯೂ ಅದಕ್ಕೆ ಅಂಕಣವಿಲ್ಲ. ಅದೇ ನಾಚಿಕೆ. ವಿಶೇಷವಾಗಿ, ತಮ್ಮ ದೇಹದ ತೂಕದ ವಿಷಯದಲ್ಲಿ ಆಸ್ಪತ್ರೆಯಲ್ಲಿಯೇ ಅವಮಾನಕ್ಕೊಳಗಾದವರ ನಾಚಿಕೆ.

ಬೊಜ್ಜು ಪಟ್ಟಣದ ಶ್ರೀಮಂತರ ಕಾಯಿಲೆ ಎಂಬ ನಂಬಿಕೆ ಈಗ ನಿಲ್ಲುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ನೂರಕ್ಕೆ ಸುಮಾರು 17 ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು. ಹೀಗೆ ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಎರಡು ಬಗೆಯವರೂ ಇದ್ದಾರೆ. ತೆಳ್ಳಗಿನ ಬಾಣಂತಿಯನ್ನು “ಏನೂ ಉಣ್ಣಂಗಿಲ್ಲೇನು?” ಎಂದು ಗದರಿಸುವ ಬಾಯಿಯೇ ಸ್ಥೂಲಕಾಯದವಳನ್ನು “ಉಣ್ಣೋದು ಕಡಿಮಿ ಮಾಡು” ಎಂದು ಗದರಿಸುತ್ತದೆ. ಗದರಿಕೆಯಿಂದ ಇಬ್ಬರ ತೂಕವೂ ಸರಿಹೋಗುವುದಿಲ್ಲ. ಇಬ್ಬರೂ ಮತ್ತೆ ಬರುವುದನ್ನು ಮಾತ್ರ ನಿಲ್ಲಿಸಬಹುದು.

ಒಂದು ಪ್ರಸಂಗ

ಇದು ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಚಿಕಿತ್ಸಾಲಯದಲ್ಲಿ ನಡೆದದ್ದು. ರೋಗಿಯ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಪ್ಪು ಮಾತ್ರ ನನ್ನದೇ, ಅದನ್ನು ಬದಲಿಸಿಲ್ಲ.

ಆಕೆಗೆ 44 ವರ್ಷ. ಮೂವರು ಮಕ್ಕಳ ತಾಯಿ. ಮೂರನೆಯ ಹೆರಿಗೆಯ ನಂತರ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಅಂದು ಹೊರರೋಗಿಗಳ ಸಾಲು ಅಂಗಳದವರೆಗೂ ಇತ್ತು. ತೂಕದ ಯಂತ್ರವನ್ನು ಎಲ್ಲರಿಗೂ ಅನುಕೂಲವಾಗಲೆಂದು ಪಡಸಾಲೆಯಲ್ಲಿಯೇ ಇಟ್ಟಿದ್ದೆವು. ಆಕೆ ಅದರ ಮೇಲೆ ನಿಂತಾಗ ಸಹಾಯಕನು ವಾಡಿಕೆಯಂತೆ ಗಟ್ಟಿಯಾಗಿ “ಎಂಬತ್ನಾಲ್ಕು” ಎಂದು ಕೂಗಿ ಹೇಳಿದನು. ಸಾಲಿನಲ್ಲಿದ್ದ ಇಬ್ಬರು ಹುಡುಗರು ನಕ್ಕರು. ಆಕೆ ಒಳಗೆ ಬಂದು ಕುಳಿತು, ಮೊಣಕಾಲು ನೋಯುತ್ತವೆ ಎಂದರು. ನಾನು ಚೀಟಿಯಿಂದ ತಲೆಯೆತ್ತದೆ, “ಇಷ್ಟು ಭಾರ ಹೊತ್ತರೆ ಮೊಣಕಾಲು ಏನು ಮಾಡಬೇಕು? ಮೊದಲು ಬಾಯಿ ಕಟ್ಟಿರಿ” ಎಂದು ಹೇಳಿ, ನೋವಿನ ಮಾತ್ರೆ ಬರೆದುಕೊಟ್ಟೆ. ಇಷ್ಟೆಲ್ಲ ನಡೆಯಲು ಎರಡು ನಿಮಿಷಗಳೂ ಹಿಡಿಯಲಿಲ್ಲ. ಆಕೆ ಎದ್ದು ನಿಂತವರು ಬಾಗಿಲ ಬಳಿ ಒಂದು ಕ್ಷಣ ತಡೆದರು. ಇನ್ನೇನನ್ನೋ ಹೇಳುವವರಿದ್ದರು; ಅಷ್ಟರಲ್ಲಿ ನಾನು ಮುಂದಿನ ಚೀಟಿಯನ್ನು ಕೈಗೆತ್ತಿಕೊಂಡಿದ್ದೆ.

ಮುಂದೆ ಹದಿನಾಲ್ಕು ತಿಂಗಳು ಆಕೆ ಬರಲಿಲ್ಲ. ಆ ಊರಿನ ಆಶಾ ಕಾರ್ಯಕರ್ತೆ ಒಮ್ಮೆ, “ಸಾಹೇಬ್ರ, ಆ ಅಕ್ಕ ಬರಂಗಿಲ್ರಿ. ಸಾಯ್ತೀನಿ, ಆದ್ರ ಆ ಮಶಿನ್ ಮ್ಯಾಲ ನಿಂದ್ರಂಗಿಲ್ಲ ಅಂತಾಳ್ರಿ” ಎಂದು ಹೇಳಿದ್ದರು. ನಾನು ಅದನ್ನು ಹಟಮಾರಿತನವೆಂದು ತಿಳಿದೆ. ಹದಿನೈದನೆಯ ತಿಂಗಳಿನಲ್ಲಿ ಮನೆಯವರು ಆಕೆಯನ್ನು ಆಟೋದಲ್ಲಿ ಮಲಗಿಸಿಕೊಂಡು ಕರೆತಂದರು. ತುಟಿ, ಅಂಗೈಗಳು ಬಿಳಿಚಿದ್ದವು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರಕ್ತದಲ್ಲಿ ಹಿಮೋಗ್ಲೋಬಿನ್ 6.2 ಗ್ರಾಂ ಇತ್ತು. ವಯಸ್ಕ ಸ್ತ್ರೀಯರಲ್ಲಿ ಅದು ಕನಿಷ್ಠ 12 ಗ್ರಾಂ ಇರಬೇಕು.

ಅಂದು ಕೇಳದೆ ಬಿಟ್ಟದ್ದು

ಶುಶ್ರೂಷಕಿಯು ಪರದೆಯ ಹಿಂದೆ ಕುಳಿತು ನಿಧಾನವಾಗಿ ವಿಚಾರಿಸಿದಾಗ ಸಂಗತಿ ಹೊರಬಿತ್ತು. ಸುಮಾರು ಎರಡು ವರ್ಷಗಳಿಂದ ಆಕೆಯ ಮುಟ್ಟು ಕ್ರಮ ತಪ್ಪಿತ್ತು. ಎರಡು ತಿಂಗಳು ಏನೂ ಕಾಣದೆ, ಆಮೇಲೆ ಹತ್ತು ಹನ್ನೆರಡು ದಿನಗಳವರೆಗೆ ಗಡ್ಡೆಗಡ್ಡೆಯಾಗಿ ರಕ್ತ ಹೋಗುತ್ತಿತ್ತು. ಆಕೆ ಅಂದು ಬಂದದ್ದು ಅದಕ್ಕಾಗಿಯೇ. ಗಂಡಸು ವೈದ್ಯನ ಮುಂದೆ ನೇರವಾಗಿ ಹೇಳಲು ಸಂಕೋಚವಾದುದರಿಂದ ಮೊದಲು ಮೊಣಕಾಲಿನ ಮಾತೆತ್ತಿದ್ದರು. ಇದು ನಮ್ಮ ಹೆಂಗಸರ ಸಾಮಾನ್ಯ ರೀತಿ. ಮೊದಲು ಹೇಳಬಹುದಾದ ನೋವು, ಅನಂತರ ಹೇಳಲಾರದ ನೋವು. ಮೊದಲನೆಯದಕ್ಕೆ ದೊರೆತ ಉತ್ತರ ಕೇಳಿದ ಮೇಲೆ ಎರಡನೆಯದನ್ನು ಹೇಳುವ ಧೈರ್ಯ ಆಕೆಗೆ ಉಳಿಯಲಿಲ್ಲ.

ಇಲ್ಲಿ ಓದುಗರು ಒಂದು ಅಂಶವನ್ನು ಚೆನ್ನಾಗಿ ಗ್ರಹಿಸಬೇಕು. ಆಕೆಯ ತೂಕಕ್ಕೂ ಆ ರಕ್ತಸ್ರಾವಕ್ಕೂ ಸಂಬಂಧವಿಲ್ಲವೆಂದು ನಾನು ಹೇಳುತ್ತಿಲ್ಲ; ಸಂಬಂಧ ಇದ್ದಿತು. ದೇಹದ ಕೊಬ್ಬಿನಲ್ಲಿ ಈಸ್ಟ್ರೋಜನ್ ಎಂಬ ಸ್ತ್ರೀ ಚೋದಕರಸವು ಸ್ವಲ್ಪ ಪ್ರಮಾಣದಲ್ಲಿ ತಯಾರಾಗುತ್ತದೆ. ಕೊಬ್ಬು ಹೆಚ್ಚಿದಷ್ಟೂ ಅದೂ ಹೆಚ್ಚು. ಈ ರಸವು ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಪ್ರತಿ ತಿಂಗಳೂ ಅಂಡವು ಬಿಡುಗಡೆಯಾದಾಗ ಪ್ರೊಜೆಸ್ಟರಾನ್ ಎಂಬ ಇನ್ನೊಂದು ರಸವು ಹುಟ್ಟಿ, ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ನಲವತ್ತು ದಾಟಿದ ಮೇಲೆ ಅಂಡ ಬಿಡುಗಡೆಯಾಗದ ತಿಂಗಳುಗಳು ಹೆಚ್ಚುತ್ತವೆ. ಆಗ ಕಡಿವಾಣವಿಲ್ಲದ ಒಳಪದರವು ದಪ್ಪವಾಗಿ, ತನ್ನ ಭಾರಕ್ಕೆ ತಾನೇ ಕಳಚಿ, ದಿನಗಟ್ಟಲೆ ರಕ್ತ ಹರಿಯುತ್ತದೆ. ಹೀಗೆ ಬಹುಕಾಲ ನಡೆದರೆ ಕೆಲವರಲ್ಲಿ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ತಿರುಗುತ್ತದೆ.

ಆದುದರಿಂದ, ಅಂದು ಆಕೆಯ ತೂಕವು ಬೈಗುಳಕ್ಕೆ ಕಾರಣವಾಗಬೇಕಿರಲಿಲ್ಲ. ಹೆಚ್ಚಿನ ಪ್ರಶ್ನೆಗಳಿಗೆ ಕಾರಣವಾಗಬೇಕಿತ್ತು. ಮುಟ್ಟು ಕ್ರಮವಾಗಿದೆಯೇ, ಎಷ್ಟು ದಿನ ಹೋಗುತ್ತದೆ, ದಿನಕ್ಕೆ ಎಷ್ಟು ಬಟ್ಟೆ ಬದಲಿಸುತ್ತೀರಿ, ಬಾಯಾರಿಕೆ ಹೆಚ್ಚಿದೆಯೇ ಎಂದು ಕೇಳಿ, ರಕ್ತ ಪರೀಕ್ಷೆ ಮಾಡಿಸಿದ್ದರೆ ಸಾಕಿತ್ತು. ತೂಕ ಹೆಚ್ಚಿದವರಲ್ಲಿ ಕೆಲವು ರೋಗಗಳ ಸಂಭವ ಹೆಚ್ಚು. ಆದುದರಿಂದಲೇ ಅವರು ಆಸ್ಪತ್ರೆಗೆ ಇತರರಿಗಿಂತ ಹೆಚ್ಚು ನಿಯತವಾಗಿ ಬರಬೇಕು. ಅವರನ್ನೇ ನಾಚಿಸಿ ಹೊರಗಟ್ಟುವುದು, ಬೆಂಕಿಯ ಭಯವಿರುವ ಮನೆಯ ಬಾವಿಯನ್ನೇ ಮುಚ್ಚಿದಂತೆ.

ಆಕೆಯನ್ನು ರಾಯಚೂರಿನ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ರಕ್ತ ಕೊಡಲಾಯಿತು. ಗರ್ಭಕೋಶದ ಒಳಪದರದ ತುಣುಕನ್ನು ತೆಗೆದು ಪರೀಕ್ಷಿಸಲಾಯಿತು. ಪದರವು ಅತಿಯಾಗಿ ಬೆಳೆದಿತ್ತು, ಕ್ಯಾನ್ಸರ್ ಆಗಿರಲಿಲ್ಲ. ಪ್ರೊಜೆಸ್ಟರಾನ್ ಗುಂಪಿನ ಔಷಧವನ್ನು ಆರಂಭಿಸಿ, ಆರು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕೆಂದು ತಿಳಿಸಲಾಯಿತು. ಇದು ಆಕೆಯ ಪುಣ್ಯ, ನನ್ನ ಜಾಣತನವಲ್ಲ.

ನಾಚಿಕೆ ಹೇಗೆ ಕೆಲಸ ಮಾಡುತ್ತದೆ

“ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಬುದ್ಧಿ ಬರುತ್ತದೆ” ಎಂಬುದು ವೈದ್ಯರಲ್ಲಿಯೂ, ಮನೆಯ ಹಿರಿಯರಲ್ಲಿಯೂ ಇರುವ ನಂಬಿಕೆ. ಬೈದವನ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ನಾಚಿಕೆಯು ಮನುಷ್ಯನನ್ನು ದೋಷದಿಂದ ದೂರ ಒಯ್ಯುವುದಕ್ಕಿಂತ ಹೆಚ್ಚಾಗಿ, ನಾಚಿಕೆಯಾದ ಸ್ಥಳದಿಂದ ದೂರ ಒಯ್ಯುತ್ತದೆ. ಒಮ್ಮೆ ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಿದಾಗ ಮನಸ್ಸಿಗೆ ನೆಮ್ಮದಿ ದೊರೆಯುತ್ತದೆ. ಆ ನೆಮ್ಮದಿಯೇ ಎರಡನೆಯ ಬಾರಿ ತಪ್ಪಿಸುವುದನ್ನು ಸುಲಭಗೊಳಿಸುತ್ತದೆ. ಹೀಗೆ ವಾರಗಳು ತಿಂಗಳುಗಳಾಗುತ್ತವೆ. ಕೊನೆಗೆ ತಾಳಲಾರದೆ ಬಂದಾಗ ರೋಗ ಬಲಿತಿರುತ್ತದೆ, ಆಗ ವೈದ್ಯನು “ಇಷ್ಟು ದಿನ ಏನು ಮಾಡುತ್ತಿದ್ದಿರಿ?” ಎಂದು ಮತ್ತೆ ಗದರಿಸುತ್ತಾನೆ. ವರ್ತುಲ ಪೂರ್ಣವಾಗುತ್ತದೆ.

ಬರುವುದನ್ನು ಬಿಡದವರು ಕೂಡ ಇನ್ನೊಂದು ರೀತಿಯಲ್ಲಿ ದೂರವಾಗುತ್ತಾರೆ. ಊಟದ ಬಗ್ಗೆ ಕೇಳಿದರೆ “ಒಂದೇ ರೊಟ್ಟಿ” ಎಂದು ತಗ್ಗಿಸಿ ಹೇಳುತ್ತಾರೆ. ಮಾತ್ರೆ ತಪ್ಪಿದ್ದನ್ನು ಮರೆಮಾಚುತ್ತಾರೆ. ಒಳಪರೀಕ್ಷೆ, ಸ್ತನಪರೀಕ್ಷೆ ಎಂದೊಡನೆ “ಮುಂದಿನ ಸಲ” ಎನ್ನುತ್ತಾರೆ. ಅಮೆರಿಕದಲ್ಲಿ 498 ಸ್ಥೂಲಕಾಯದ ಮಹಿಳೆಯರನ್ನು ವಿಚಾರಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೂಕ ಹೆಚ್ಚಾದಷ್ಟೂ ಕ್ಯಾನ್ಸರ್ ತಪಾಸಣೆಯನ್ನು ಮುಂದೂಡಿದವರ ಪ್ರಮಾಣವೂ ಹೆಚ್ಚಾಗಿತ್ತು. ಅವರು ಕೊಟ್ಟ ಕಾರಣಗಳು ನಮ್ಮ ಪಡಸಾಲೆಯಲ್ಲಿ ಕೇಳಿದಂತೆಯೇ ಇವೆ: ಅಗೌರವದ ಮಾತು, ತೂಕ ಮಾಡಿಸಿಕೊಳ್ಳುವಾಗಿನ ಮುಜುಗರ, ಕೇಳದಿದ್ದರೂ ಕೊಡುವ ಉಪದೇಶ, ಸಾಲದ ಅಳತೆಯ ಮೇಜು ಮತ್ತು ಉಡುಪು.

ಅವಮಾನದಿಂದ ತೂಕವಾದರೂ ಇಳಿಯುವುದೇ ಎಂದರೆ, ಅದೂ ಕಂಡುಬಂದಿಲ್ಲ. ಇಂಗ್ಲೆಂಡಿನಲ್ಲಿ 50 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಸುಮಾರು 2900 ಜನರನ್ನು ನಾಲ್ಕು ವರ್ಷಗಳ ಕಾಲ ಗಮನಿಸಿದ ಅಧ್ಯಯನವು 2014ರಲ್ಲಿ ಪ್ರಕಟವಾಯಿತು. ತೂಕದ ಕಾರಣದಿಂದ ತಮ್ಮನ್ನು ಕೀಳಾಗಿ ಕಾಣಲಾಯಿತೆಂದು ಹೇಳಿದವರ ತೂಕ ಆ ಅವಧಿಯಲ್ಲಿ ಸರಾಸರಿ ಒಂದು ಕಿಲೋದಷ್ಟು ಏರಿತ್ತು. ಹಾಗೆ ಹೇಳದವರ ತೂಕ ತುಸು ಇಳಿದಿತ್ತು. ಇಂಥ ಅಧ್ಯಯನದಿಂದ ಒಂದೇ ಇನ್ನೊಂದಕ್ಕೆ ಕಾರಣವೆಂದು ಖಚಿತವಾಗಿ ಹೇಳಲಾಗದು; ಆದರೆ ಬೈಗುಳವು ಔಷಧವೆಂಬ ವಾದಕ್ಕೆ ಅದು ಆಧಾರ ಕೊಡುವುದಿಲ್ಲ.

ತೋಳುಪಟ್ಟಿಯ ತಪ್ಪು

ಅಗೌರವವು ಮಾತಿನಲ್ಲಿ ಮಾತ್ರವಲ್ಲ, ಉಪಕರಣದಲ್ಲಿಯೂ ಅಡಗಿರುತ್ತದೆ. ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯನ್ನು ತಾವು ಬಲ್ಲಿರಿ. ಸಾಮಾನ್ಯ ಅಳತೆಯ ಪಟ್ಟಿಯು ಸುಮಾರು 27ರಿಂದ 34 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಹೊಂದುತ್ತದೆ. ಅದಕ್ಕಿಂತ ದಪ್ಪನೆಯ ತೋಳಿಗೆ ಅದನ್ನೇ ಬಿಗಿದರೆ, ರಕ್ತದೊತ್ತಡವು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. 2023ರಲ್ಲಿ ಅಮೆರಿಕದಿಂದ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದೊಡ್ಡ ಪಟ್ಟಿ ಬೇಕಾಗಿದ್ದವರಿಗೆ ಸಾಮಾನ್ಯ ಪಟ್ಟಿಯನ್ನು ಬಳಸಿದಾಗ ಮೇಲಿನ ಅಂಕಿಯು ಸರಾಸರಿ ಸುಮಾರು 5ರಷ್ಟೂ, ಅತಿ ದೊಡ್ಡ ಪಟ್ಟಿ ಬೇಕಾಗಿದ್ದವರಲ್ಲಿ ಸುಮಾರು 20ರಷ್ಟೂ ಹೆಚ್ಚಾಗಿ ಬಂದಿತು.

ಇದರ ಪರಿಣಾಮವನ್ನು ಯೋಚಿಸಿರಿ. ನಿಜವಾಗಿ 128 ಇರುವ ಮಹಿಳೆಗೆ ಯಂತ್ರವು 148 ತೋರಿಸುತ್ತದೆ. ವೈದ್ಯನು “ನೋಡಿದಿರಾ, ದಪ್ಪಗಿರುವುದರ ಫಲ” ಎನ್ನುತ್ತಾನೆ. ಅನಾವಶ್ಯಕವಾಗಿ ಮಾತ್ರೆಯನ್ನೂ ಆರಂಭಿಸಬಹುದು. ತಪ್ಪು ಪಟ್ಟಿಯದು, ಅಪರಾಧಿ ರೋಗಿ. ಆದುದರಿಂದ ಪ್ರತಿ ಕೇಂದ್ರದಲ್ಲಿ ದೊಡ್ಡ ಅಳತೆಯ ಪಟ್ಟಿ ಒಂದಾದರೂ ಇರಬೇಕು. ಸಂಶಯವಿದ್ದಾಗ ಅಳತೆಯ ಟೇಪಿನಿಂದ ತೋಳಿನ ನಡುಭಾಗವನ್ನು ಅಳೆದು ಪಟ್ಟಿಯನ್ನು ಆರಿಸಬೇಕು. ಸುತ್ತಿದ ಪಟ್ಟಿಯು ಗಾಳಿ ತುಂಬುವಾಗ ಬಿಚ್ಚಿಕೊಳ್ಳುತ್ತಿದ್ದರೆ, ಅದು ಚಿಕ್ಕದೆಂದು ಯಾರಾದರೂ ಗುರುತಿಸಬಹುದು. ಹೆದರಿಕೆ, ನಾಚಿಕೆಗಳಿಂದಲೂ ಒತ್ತಡ ಏರುವುದರಿಂದ, ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ ಅನಂತರ ನೋಡಬೇಕು.

ತೂಕ ನೋಡುವ ಸರಿಯಾದ ಕ್ರಮ

ತೂಕ ನೋಡುವುದನ್ನೇ ಬಿಡಬೇಕೆಂದು ಇದರ ಅರ್ಥವಲ್ಲ. ಗರ್ಭಿಣಿಯರಲ್ಲಿ, ಮಕ್ಕಳಲ್ಲಿ, ಹೃದಯ ಅಥವಾ ಮೂತ್ರಪಿಂಡದ ರೋಗದಿಂದ ಬಾವು ಬಂದವರಲ್ಲಿ, ತೂಕಕ್ಕೆ ಅನುಗುಣವಾಗಿ ಔಷಧ ಕೊಡಬೇಕಾದವರಲ್ಲಿ, ಮಧುಮೇಹ ಹಾಗೂ ರಕ್ತದೊತ್ತಡದ ರೋಗಿಗಳಲ್ಲಿ ಅದು ಅವಶ್ಯಕ. ಕಿವಿನೋವಿಗೆಂದು ಬಂದವರನ್ನು ತೂಕಕ್ಕೆ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಮೇಲಿನ ಪ್ರಸಂಗದ ನಂತರ ನಾವು ಮಾಡಿದ ಬದಲಾವಣೆಗಳಿಗೆ ಹಣ ಬೇಕಾಗಲಿಲ್ಲ. ಯಂತ್ರವನ್ನು ಪಡಸಾಲೆಯಿಂದ ತೆಗೆದು ಒಳಕೋಣೆಯ ಪರದೆಯ ಹಿಂದೆ ಇಟ್ಟೆವು. “ತೂಕ ನೋಡಲೇ?” ಎಂದು ಕೇಳಿ, ಏಕೆ ನೋಡಬೇಕಾಗಿದೆ ಎಂಬುದನ್ನು ಒಂದು ಮಾತಿನಲ್ಲಿ ಹೇಳುವುದನ್ನು ರೂಢಿಸಿಕೊಂಡೆವು. ಅಂಕಿಯನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆಯಬೇಕು. ನೋಡಲು ಇಷ್ಟವಿಲ್ಲದವರು ಯಂತ್ರಕ್ಕೆ ಬೆನ್ನುಮಾಡಿ ನಿಲ್ಲಬಹುದು.

ವೈದ್ಯನ ಮೇಜಿನ ಬಳಿಯ ನಿಯಮಗಳು ಎರಡು. ಮೊದಲನೆಯದು, ರೋಗಿಯು ಹೇಳಿದ ತೊಂದರೆಯನ್ನು ಮೊದಲು ಪರೀಕ್ಷಿಸಿ, “ಇನ್ನೇನಾದರೂ ಹೇಳುವುದಿದೆಯೇ?” ಎಂದು ಕೇಳಿ ಸ್ವಲ್ಪ ಕಾಯುವುದು. ಎರಡನೆಯದು, ಮನಸ್ಸಿನಲ್ಲಿಯೇ ಹೀಗೆ ಪ್ರಶ್ನಿಸಿಕೊಳ್ಳುವುದು: ಇದೇ ತೊಂದರೆಯೊಡನೆ ತೆಳ್ಳಗಿನ ವ್ಯಕ್ತಿ ಬಂದಿದ್ದರೆ ಯಾವ ಪರೀಕ್ಷೆ ಮಾಡಿಸುತ್ತಿದ್ದೆ? ಆ ಪರೀಕ್ಷೆಗಳಲ್ಲಿ ಒಂದೂ ಇಲ್ಲಿ ಬಿಟ್ಟುಹೋಗಬಾರದು. ಮೊಣಕಾಲು ನೋವಿಗೆ ಮೊಣಕಾಲನ್ನು ಮುಟ್ಟಿ ನೋಡದೆ ಉತ್ತರ ಹೇಳಿದ್ದು ನನ್ನ ಮೊದಲ ತಪ್ಪಾಗಿತ್ತು.

ತೂಕದ ಮಾತನ್ನು ಇದೆಲ್ಲ ಮುಗಿದ ಮೇಲೆ, ರೋಗಿಯ ಒಪ್ಪಿಗೆ ಪಡೆದು ಆಡಬಹುದು. ಆಗಲೂ ಗುರಿ ದೊಡ್ಡದಾಗಿರಬೇಕಿಲ್ಲ. 84 ಕಿಲೋ ಇರುವವರು ನೂರಕ್ಕೆ ಐದು ಭಾಗ, ಅಂದರೆ ಸುಮಾರು 4 ಕಿಲೋ ಇಳಿಸಿದರೂ ರಕ್ತದ ಸಕ್ಕರೆ ಮತ್ತು ಒತ್ತಡಗಳಲ್ಲಿ ಪ್ರಯೋಜನ ಕಾಣಬಹುದು. ನಮ್ಮ ರೋಗಿಗೆ ಹೇಳಿದ್ದು ಎರಡೇ ಮಾತು: ದಿನಕ್ಕೆ ಐದಾರು ಸಲ ಕುಡಿಯುತ್ತಿದ್ದ ಸಕ್ಕರೆ ಚಹಾವನ್ನು ಎರಡಕ್ಕೆ ಇಳಿಸುವುದು, ರಾತ್ರಿಯ ಅನ್ನದಲ್ಲಿ ಅರ್ಧದ ಬದಲು ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಲೆ ಉಣ್ಣುವುದು. ತೂಕ ಇಳಿಯದಿದ್ದರೂ ರಕ್ತಸ್ರಾವದ ಚಿಕಿತ್ಸೆ ನಿಲ್ಲುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದೆವು. ಈ ಕೊನೆಯ ಮಾತು ಕೇಳಿದ ಮೇಲೆ ಆಕೆ ನಿಯತವಾಗಿ ಬರತೊಡಗಿದರು.

ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರಿಗೂ ಒಂದು ಮಾತು. 30 ವರ್ಷ ದಾಟಿದವರ ಅಪಾಯ ಅಂದಾಜು ಪಟ್ಟಿಯಲ್ಲಿ ಸೊಂಟದ ಸುತ್ತಳತೆಯ ಪ್ರಶ್ನೆ ಇದೆ. ಮಹಿಳೆಯರಲ್ಲಿ 80 ಸೆಂಟಿಮೀಟರ್‌ವರೆಗೆ ಅಂಕವಿಲ್ಲ. 81ರಿಂದ 90ರವರೆಗೆ ಒಂದು ಅಂಕ, ಅದಕ್ಕೂ ಮೇಲೆ ಎರಡು. ಈ ಅಳತೆಯನ್ನು ಕಟ್ಟೆಯ ಮೇಲೆ, ಅತ್ತೆ ನೆಗೆಣ್ಣಿಯರ ಮುಂದೆ ತೆಗೆಯಬಾರದು. ಒಳಮನೆಯಲ್ಲಿ ತೆಗೆದು, ಅಂಕಿಯನ್ನು ಬರೆದುಕೊಂಡು, ಅದು ತಪಾಸಣೆಗೆ ಮೊದಲು ಯಾರನ್ನು ಕರೆಯಬೇಕೆಂದು ತಿಳಿಯಲು ಮಾತ್ರ ಎಂದು ಹೇಳಬೇಕು. ಒಟ್ಟು ಅಂಕ ನಾಲ್ಕಕ್ಕಿಂತ ಹೆಚ್ಚಾದವರು ಮೊದಲು ಬರಬೇಕಾದವರು; ಮೊದಲು ನಗೆಗೀಡಾಗಬೇಕಾದವರಲ್ಲ.

ತಮ್ಮ ಕೇಂದ್ರದಲ್ಲಿ ಈ ದೋಷ ಇದೆಯೇ ಎಂದು ತಿಳಿಯುವ ಉಪಾಯವೂ ಸರಳ. ಮಧುಮೇಹ ಮತ್ತು ರಕ್ತದೊತ್ತಡದ ನೋಂದಣಿ ಪುಸ್ತಕವನ್ನು ತೆರೆದು, ಒಂದೇ ಸಲ ಬಂದು ಮರಳದವರ ಹೆಸರುಗಳನ್ನು ಗುರುತುಮಾಡಿರಿ. ಅವರ ತೂಕದ ಅಂಕಣವನ್ನೂ ನೋಡಿರಿ. ಅನಂತರ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿರಿ. ಎಲ್ಲರೂ ನಾಚಿಕೆಯಿಂದಲೇ ಬಿಟ್ಟಿರುವುದಿಲ್ಲ. ಗುಳೆ ಹೋದವರೂ ಇರುತ್ತಾರೆ. ಆದರೆ “ಅಲ್ಲಿ ಹಂಗಂದ್ರು” ಎಂಬ ಉತ್ತರ ಎರಡು ಮನೆಗಳಿಂದ ಬಂದರೆ, ದೋಷವನ್ನು ಮನೆಗಳಲ್ಲಿ ಹುಡುಕಬೇಕಾಗಿಲ್ಲ.

ಓದುಗರಿಗೆ

ತಮ್ಮ ತೂಕ ಎಷ್ಟೇ ಇರಲಿ, ಕೆಳಗಿನ ಲಕ್ಷಣಗಳಿದ್ದಾಗ ಸಂಕೋಚಪಟ್ಟು ಮನೆಯಲ್ಲಿ ಕೂರಬಾರದು. ಮುಟ್ಟು ಏಳು ದಿನಕ್ಕೂ ಮೀರಿ ಹೋಗುವುದು, ಗಡ್ಡೆಗಳು ಬೀಳುವುದು, ಎರಡು ಮುಟ್ಟುಗಳ ನಡುವೆ ಅಥವಾ ದಂಪತಿ ಸಂಪರ್ಕದ ನಂತರ ರಕ್ತ ಕಾಣುವುದು, ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಸರಿ, ಸ್ತನದಲ್ಲಿ ಗಂಟು, ಕಾಲಿನಲ್ಲಿ ಮಾಯದ ಹುಣ್ಣು. ಇವು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯ ಫಲವೆಂದೋ, ವಯಸ್ಸಿನ ಗುಣವೆಂದೋ, ಮೈ ಬಂದುದರ ದೋಷವೆಂದೋ ಸುಮ್ಮನಿರಬಾರದು.

ವೈದ್ಯರ ಮುಂದೆ ಕುಳಿತಾಗ, ಬಂದ ಮುಖ್ಯ ಕಾರಣವನ್ನು ಮೊದಲು ಹೇಳಿರಿ. ಬಾಯಲ್ಲಿ ಬಾರದಿದ್ದರೆ, ಮನೆಯಲ್ಲಿಯೇ ಚೀಟಿಯಲ್ಲಿ ಬರೆಸಿಕೊಂಡು ಬಂದು ಕೊಡಿರಿ. ಅಥವಾ ಶುಶ್ರೂಷಕಿಯೊಡನೆ ಮಾತನಾಡಬೇಕೆಂದು ಕೇಳಿರಿ. “ತೂಕವನ್ನು ಗಟ್ಟಿಯಾಗಿ ಓದಬೇಡಿರಿ” ಎಂದು ಹೇಳುವುದು ಉದ್ಧಟತನವಲ್ಲ. “ನನ್ನ ತೂಕದ ವಿಷಯ ಆಮೇಲೆ ಕೇಳುತ್ತೇನೆ, ಮೊದಲು ಈ ನೋವನ್ನು ನೋಡಿರಿ” ಎನ್ನುವುದೂ ತಪ್ಪಲ್ಲ. ಮನೆಯ ಗಂಡಸರು ಜೊತೆಯಲ್ಲಿ ಬಂದಿದ್ದರೆ, ವೈದ್ಯರ ಮುಂದೆ ಹೆಂಡತಿಯ ಊಟದ ಬಗ್ಗೆ ತಮಾಷೆ ಮಾಡದೆ, ಹೊರಗೆ ಬೆಂಚಿನ ಮೇಲೆ ಕುಳಿತರೆ ಅದೇ ದೊಡ್ಡ ಸಹಾಯ.

ಆ ಮಹಿಳೆ ಆರು ತಿಂಗಳ ಪರೀಕ್ಷೆಗಾಗಿ ರಾಯಚೂರಿಗೆ ಹೋಗುವ ಮುನ್ನ ನಮ್ಮಲ್ಲಿಗೆ ಬಂದಿದ್ದರು. ಹಿಮೋಗ್ಲೋಬಿನ್ 11.4 ಗ್ರಾಂ ಆಗಿತ್ತು. ಪರದೆಯ ಹಿಂದೆ ತೂಕ ನೋಡಿ ಶುಶ್ರೂಷಕಿ ಬರೆದುಕೊಟ್ಟ ಅಂಕಿ 82. ನಾನು ಅದರ ಬಗ್ಗೆ ಏನೂ ಹೇಳಲಿಲ್ಲ. ಅವರೇ, “ಸಾಹೇಬ್ರ, ಇವತ್ತರ ಮೊಣಕಾಲು ನೋಡ್ತೀರೇನ್ರಿ?” ಎಂದು ಕೇಳಿದರು. ನೋಡಿದೆ. ಎಡ ಮೊಣಕಾಲಿನಲ್ಲಿ ನೀರು ತುಂಬಿತ್ತು.